ಗೆಳೆಯನಿಗೊಂದು ಪತ್ರ: ಆ ಮೇಲ್ ಹಾಗೇ ಕಳಿಸಬೇಡ

ಹಾಸನ

ಪ್ರೀತಿಯ ಗೆಳೆಯಾ,

ಸಂಬಳ ಏರಿಸಿ ಅಂತ ಮ್ಯಾನೇಜರ್‌ಗೆ ಕಳಿಸಲು ನೀನು ಬರೆದಿಟ್ಟ ಮೇಲ್ ಅನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ದಯವಿಟ್ಟು ಹಾಗೇ ಕಳಿಸಬೇಡ. ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು, ಸಾಲದ ಕಂತು ಎಲ್ಲ ಬರೆದಿದ್ದೀಯ. ಎಲ್ಲವೂ ನಿಜ, ನನಗೆ ಗೊತ್ತು. ಆದರೆ ಓದಿದವರಿಗೆ ನೀನು ಸಹಾಯ ಕೇಳುತ್ತಿದ್ದೀಯ ಅನಿಸುತ್ತದೆ. ನೀನು ಕೇಳುತ್ತಿರುವುದು ಅದಲ್ಲವಲ್ಲ.

'ಕೆಲಸ ತುಂಬಾ ಜಾಸ್ತಿ ಆಗಿದೆ' ಅನ್ನುವ ಸಾಲನ್ನೂ ತೆಗೆ. ಹಾಗೆಂದರೆ ಒಬ್ಬ ಹೆಲ್ಪರ್ ಕೊಟ್ಟು ಸುಮ್ಮನಾಗುತ್ತಾರೆ. ಜಾಸ್ತಿ ಆಗಿರುವುದು ನಿನ್ನ ಹೊಣೆ. ಮೊದಲು ನೀನು ಕಾಫಿ ಕ್ಯೂರಿಂಗ್ ವರ್ಕ್ಸ್ ಗೋಡೌನಿನಲ್ಲಿ ಮೂಟೆ ಲೆಕ್ಕ ಬರೆಯುತ್ತಿದ್ದೆ. ಡಿಸೆಂಬರ್‌ನಲ್ಲಿ ಸೂಪರ್‌ವೈಸರ್ ನಿವೃತ್ತರಾದ ಮೇಲೆ, ತೋಟದಿಂದ ಬಂದ ಕಾಫಿಯ ತೇವಾಂಶ ನೋಡಿ ಲಾಟ್ ಒಪ್ಪಿಕೊಳ್ಳುವವನು ನೀನೇ. ಹಸನು ಮಾಡಿದ ಮೇಲೆ ಸಿಗುವ ಬೀಜದ ಪ್ರಮಾಣ, ಅಂದರೆ ಔಟ್‌ಟರ್ನ್, ಕಡಿಮೆ ಬಂತು ಅಂತ ಬೆಳೆಗಾರರು ಕೇಳಿದರೆ ಉತ್ತರ ಕೊಡುವವನೂ ನೀನೇ. ಸೂಪರ್‌ವೈಸರ್ ಸಹಿ ಹಾಕುತ್ತಿದ್ದ ಜಾಗದಲ್ಲಿ ಈಗ ನಿನ್ನ ಸಹಿ ಇದೆ, ಅಲ್ವಾ? ಅದನ್ನೇ ಬರೆ.

ನನ್ನ ಹಳೇ ಕೆಲಸದಲ್ಲಿ ನಾನು ಬರೀ ಹುದ್ದೆಯ ಹೆಸರು ಕೇಳಿದ್ದೆ. ಸಂಬಳದ ಮಾತು ಆಮೇಲೆ ಎತ್ತೋಣ ಅಂದುಕೊಂಡಿದ್ದೆ. 'ಸೀನಿಯರ್' ಅಂತ ಪತ್ರ ಬಂತು. ಏಪ್ರಿಲ್‌ನಲ್ಲಿ ಹಳೇ ಸಂಬಳದ ಮೇಲೆ ಎಲ್ಲರಿಗೂ ಕೊಟ್ಟಷ್ಟೇ ಇನ್‌ಕ್ರಿಮೆಂಟ್ ಕೊಟ್ಟರು. ಆ ನೋವು ಇನ್ನೂ ಇದೆ. ಅದಕ್ಕೇ ಹೇಳುತ್ತಿದ್ದೇನೆ, ಎರಡನ್ನೂ ಒಂದೇ ಮೇಲ್‌ನಲ್ಲಿ, ತಾರೀಖು ಹಾಕಿ ಕೇಳು. ಹೀಗೆ ಬರೆಯಬಹುದು:

'ಸರ್, ಡಿಸೆಂಬರ್‌ನಿಂದ ಸೂಪರ್‌ವೈಸರ್ ಅವರ ಕೆಲಸವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಲಾಟ್ ಒಪ್ಪಿಕೊಳ್ಳುವುದು, ಔಟ್‌ಟರ್ನ್ ವರದಿ, ಆರು ಜನರ ಪಾಳಿ ಈಗ ನನ್ನ ಹೊಣೆ. ಈ ಸೀಸನ್ನಿನ ವರದಿಗಳನ್ನು ಜೊತೆಗೆ ಇಟ್ಟಿದ್ದೇನೆ. ನನ್ನ ಹುದ್ದೆಯನ್ನು ಗೋಡೌನ್ ಸೂಪರ್‌ವೈಸರ್ ಎಂದು ಬದಲಿಸಿ, ತಿಂಗಳ ಗ್ರಾಸ್ ಸಂಬಳವನ್ನು 24,000ದಿಂದ 31,000 ರೂಪಾಯಿಗೆ ಏರಿಸಬೇಕೆಂದು ಕೋರುತ್ತೇನೆ. ಇದು ಜುಲೈ 1ರಿಂದ ಜಾರಿಯಾಗಲಿ. ಈ ವಾರ ಮಾತಾಡಲು ಹದಿನೈದು ನಿಮಿಷ ಕೊಡಿ.'

ಗ್ರಾಸ್ ಅಂತಲೇ ಬರೆ. ಸಿಟಿಸಿ ಅಂದರೆ ಕಂಪನಿ ಕಟ್ಟುವ ಪಿಎಫ್ ಪಾಲೂ ಅದರೊಳಗೆ ಸೇರಿರುತ್ತದೆ. ಅದೇ 31,000 ಕೈಗೆ ಬರುವಾಗ ಇನ್ನೂ ಕಡಿಮೆಯಾಗುತ್ತದೆ. ಅವರು ಚೌಕಾಸಿ ಮಾಡೇ ಮಾಡುತ್ತಾರೆ. ಎಷ್ಟರವರೆಗೆ ಇಳಿಯುತ್ತೀ ಅಂತ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೋ, ಮೇಲ್‌ನಲ್ಲಿ ಮಾತ್ರ ಬರೆಯಬೇಡ. ಹೊಸಬರನ್ನು ಆ ಜಾಗಕ್ಕೆ ತಂದರೆ ಎಷ್ಟು ಕೊಡಬೇಕಾಗುತ್ತದೆ ಅಂತ ಚಿಕ್ಕಮಗಳೂರಿನಲ್ಲೇ ಇನ್ನೆರಡು ಕಡೆ ವಿಚಾರಿಸು.

'ನೋಡೋಣ, ಮಾಡೋಣ' ಅಂತ ಬಾಯಲ್ಲಿ ಹೇಳಿದರೆ, ಅದೇ ಸಂಜೆ 'ಇವತ್ತು ತಾವು ಹೀಗೆ ಹೇಳಿದಿರಿ' ಅಂತ ಎರಡು ಸಾಲಿನ ಮೇಲ್ ಹಾಕು.

ತಿದ್ದಿದ್ದನ್ನು ನನಗೊಮ್ಮೆ ಕಳಿಸು. ಭಾನುವಾರ ಮನೆಯಲ್ಲೇ ಇರುತ್ತೇನೆ.

ನಿನ್ನ ಗೆಳೆಯ