ನಗರದಲ್ಲಿ 30 ಕೆಲಸ ಸೃಷ್ಟಿಸಿದರೆ ಎಷ್ಟು ಜನ ಬರುತ್ತಾರೆ? ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ನಗರದ ನಿರುದ್ಯೋಗಕ್ಕೆ ನಗರದಲ್ಲೇ ಹೊಸ ಕೆಲಸ ಸೃಷ್ಟಿಸುವುದು ಮದ್ದು ಎಂದು ನಂಬಿ ಯೋಜನೆ ರೂಪಿಸುವ ಮುನ್ನ, ತಾವು ಒಂದು ಲೆಕ್ಕ ನೋಡಬೇಕೆಂದು ಈ ಪತ್ರ. ಇದರ ಮೂಲ ರೂಪವನ್ನು ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಮುಂದಿಟ್ಟರು. ಹಳ್ಳಿ ಬಿಡುವವನು ನಗರದ ಸಂಬಳವನ್ನಷ್ಟೇ ನೋಡಿ ಹೊರಡುವುದಿಲ್ಲ, ಆ ಸಂಬಳ ತನಗೆ ಸಿಗುವ ಸಾಧ್ಯತೆ ಎಷ್ಟು ಎಂಬುದನ್ನೂ ತೂಗಿ ನೋಡುತ್ತಾನೆ ಎಂಬುದು ಅದರ ತಿರುಳು.

ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಹಳ್ಳಿಯಲ್ಲಿ ದಿನಗೂಲಿ 300 ರೂಪಾಯಿ. ನಗರದ ಖಾಯಂ ಕೆಲಸದಲ್ಲಿ ದಿನಕ್ಕೆ 600, ಆದರೆ ಅಂಥ ಕೆಲಸ ಇರುವುದು 200 ಮಾತ್ರ. ಅದು ಸಿಗುವವರೆಗೆ ತಳ್ಳುಗಾಡಿ, ಮೂಟೆ ಹೊರುವುದು, ಬಿಡಿ ಕೂಲಿ ಎಂದು ಅಸಂಘಟಿತ ವಲಯದಲ್ಲಿ ಗಳಿಸುವುದು 150. ಖಾಯಂ ಕೆಲಸ ಸಿಗುವ ಸಾಧ್ಯತೆಯನ್ನು p ಎನ್ನೋಣ. ನಗರದ ನಿರೀಕ್ಷಿತ ಗಳಿಕೆ ಹಳ್ಳಿಯ ಕೂಲಿಗೆ ಸಮನಾದಾಗ ವಲಸೆ ನಿಲ್ಲುತ್ತದೆ:

```
600p + 150(1 − p) = 300
p = (300 − 150) / (600 − 150) = 1/3
```

ಮೂವರಲ್ಲಿ ಒಬ್ಬನಿಗೆ ಖಾಯಂ ಕೆಲಸ ಎಂದಾಯಿತು. ಅಂಥ ಕೆಲಸ 200 ಇರುವುದರಿಂದ ನಗರದಲ್ಲಿ 600 ದುಡಿಯುವವರು ನೆಲೆಸುತ್ತಾರೆ, ಅವರಲ್ಲಿ 400 ಜನ 150ರಲ್ಲೇ ದಿನ ತಳ್ಳುತ್ತಾರೆ. ಹಳ್ಳಿಯಲ್ಲೇ ಇದ್ದಿದ್ದರೆ ಇದರ ಎರಡರಷ್ಟು ಸಿಗುತ್ತಿತ್ತು. ಆದರೂ ಅವರು ಬಂದದ್ದು ದಡ್ಡತನದಿಂದಲ್ಲ. ಹೀಗೆ ಕಳೆದುಕೊಳ್ಳುವ 150ನ್ನು ಅವರು ಸರದಿಯಲ್ಲಿ ನಿಲ್ಲಲು ತೆರುವ ಬೆಲೆ ಎಂದು ನೋಡಿದರೆ ಎಲ್ಲವೂ ಅರ್ಥವಾಗುತ್ತದೆ.

ಈಗ ಸರ್ಕಾರ 30 ಖಾಯಂ ಕೆಲಸ ಹೆಚ್ಚಿಸಿತು ಎನ್ನಿ. p ಮತ್ತೆ 1/3ಕ್ಕೆ ಇಳಿಯುವವರೆಗೆ ಜನ ಬರುತ್ತಲೇ ಇರುತ್ತಾರೆ, ಅಂದರೆ ನಗರದಲ್ಲಿ 690 ಜನವಾಗುತ್ತಾರೆ. 30 ಕೆಲಸಕ್ಕೆ 90 ಜನ ಬಂದರು, ಅಸಂಘಟಿತರು 400ರಿಂದ 460ಕ್ಕೆ ಏರಿದರು. ಒಟ್ಟು ಆದಾಯವನ್ನೂ ಕೂಡಿ ನೋಡಿ: ಹಳ್ಳಿ ಕಳೆದುಕೊಂಡದ್ದು 90 × 300, ಅಂದರೆ 27,000. ನಗರ ಗಳಿಸಿದ್ದು 30 × 600 ಮತ್ತು 60 × 150, ಅದೂ 27,000. ದಿನದ ಕೊನೆಗೆ ನಿವ್ವಳ ಲಾಭ ಸೊನ್ನೆ.

ವಾಸ್ತವ ಇದಕ್ಕಿಂತ ಕಠಿಣ. 150 ಎಂಬುದು ಸ್ಥಿರ ಮೊತ್ತವಲ್ಲ. ಬೆಳಿಗ್ಗೆ ಕೂಲಿಯಾಳುಗಳು ನಿಲ್ಲುವ ಸರ್ಕಲ್‌ಗೆ ಬಂದು ಆಳು ಕರೆಯುವ ಮೇಸ್ತ್ರಿಗಳು ಅಷ್ಟೇ, ನಿಂತವರು ಮಾತ್ರ ಹೆಚ್ಚು. ಹಾಗಾಗಿ ಇದ್ದಷ್ಟೇ ಕೆಲಸ ಹೆಚ್ಚು ಜನರಿಗೆ ಹಂಚಿಹೋಗುತ್ತದೆ. ಅಸಂಘಟಿತ ವಲಯದ ಒಟ್ಟು ಗಳಿಕೆ 400 × 150, ಅಂದರೆ 60,000ದಲ್ಲೇ ನಿಂತರೆ, ನಗರದ ಒಟ್ಟು ಗಳಿಕೆಯನ್ನು ಹಳ್ಳಿಯ ಕೂಲಿಯಿಂದ ಭಾಗಿಸಿದಾಗ ನಗರದ ಜನಸಂಖ್ಯೆ, 60,000ವನ್ನು ಅಸಂಘಟಿತರ ಸಂಖ್ಯೆಯಿಂದ ಭಾಗಿಸಿದಾಗ ಅವರ ತಲಾ ಗಳಿಕೆ ಸಿಗುತ್ತದೆ:

```
(230 × 600 + 60000) / 300 = 660
60000 / 430 ≈ 140
```

ಬರುವವರು 90ರ ಬದಲು 60 ಆದರು ನಿಜ. ಆದರೆ ಮೊದಲಿನಿಂದ ಅಸಂಘಟಿತ ವಲಯದಲ್ಲಿ ಇದ್ದವರ ಗಳಿಕೆಯೂ 150ರಿಂದ 140ಕ್ಕೆ ಕುಸಿಯಿತು. ಇದು ನಿರುದ್ಯೋಗ ದರದಲ್ಲಿ ಕಾಣಿಸುವುದಿಲ್ಲ, ಏಕೆಂದರೆ ಎರಡು ಗಂಟೆ ದುಡಿದವನೂ ಅಲ್ಲಿ ‘ಉದ್ಯೋಗಿ’. ತಮ್ಮ ಇಲಾಖೆ ಅಳೆಯಬೇಕಾದ್ದು ವಾರಕ್ಕೆ ಕೆಲಸ ಸಿಕ್ಕ ದಿನಗಳನ್ನು ಮತ್ತು ಕೈಗೆ ಬಂದ ಕೂಲಿಯನ್ನು. ನೇಮಕಾತಿ ಹೆಚ್ಚಿದ ಮೇಲೆ ಇವೆರಡೂ ಇಳಿದರೆ, ಜನ ಕೆಲಸಕ್ಕಿಂತ ವೇಗವಾಗಿ ಬರುತ್ತಿದ್ದಾರೆ ಎಂದು ತಿಳಿಯಬಹುದು.

ಕೀನ್ಯಾ 1964ರಲ್ಲೇ ಇದನ್ನು ಕಂಡಿತು. ಕಾರ್ಮಿಕ ಸಂಘಗಳು ಸಂಬಳ ಏರಿಕೆಯ ಬೇಡಿಕೆ ತಡೆಹಿಡಿದವು, ಖಾಸಗಿಯವರು ಶೇ. 10, ಸರ್ಕಾರ ಶೇ. 15ರಷ್ಟು ನೇಮಕಾತಿ ಹೆಚ್ಚಿಸಲು ಒಪ್ಪಿದರು. ಸುದ್ದಿ ಕೇಳಿ ಹೊರಗಿನಿಂದ ಜನ ಬಂದರು, ನಿರುದ್ಯೋಗ ಕರಗಲಿಲ್ಲ.

ಅಸಂಘಟಿತ ವಲಯದ ಗಳಿಕೆ 60,000ದಲ್ಲೇ ನಿಂತ ಅದೇ ಲೆಕ್ಕದಲ್ಲಿ ಹಳ್ಳಿಯ ಕೂಲಿಯನ್ನು 300ರಿಂದ 330ಕ್ಕೆ ಏರಿಸಿ ನೋಡಿ, ಖಾಯಂ ಕೆಲಸ 200ರಲ್ಲೇ ಇರಲಿ. ನಗರದ ಒಟ್ಟು ಗಳಿಕೆ 1,80,000ವನ್ನು 330ರಿಂದ ಭಾಗಿಸಿದರೆ 545. ಅಸಂಘಟಿತರು ಸುಮಾರು 345ಕ್ಕೆ ಇಳಿಯುತ್ತಾರೆ, ಅವರ ತಲಾ ಗಳಿಕೆ 174ರ ಹತ್ತಿರಕ್ಕೆ ಏರುತ್ತದೆ. ನಗರದ ಬಡವನ ಕೂಲಿ ಹೆಚ್ಚಿಸುವ ಕೀಲಿ ಹಳ್ಳಿಯ ಕೂಲಿಯಲ್ಲಿದೆ ಎಂದು ನಾವು ಹೇಳುವುದು ಈ ಕಾರಣಕ್ಕೆ. ಇದಕ್ಕೆ ಹಣ ಬೇಕು, ನಿಜ.

ಖರ್ಚಿಲ್ಲದೆ ಮಾಡಬಹುದಾದದ್ದೂ ಒಂದಿದೆ. ಮೇಲಿನ ಲೆಕ್ಕವೆಲ್ಲ ನಿಂತಿರುವುದು ನಗರದಲ್ಲಿ ಇದ್ದವನಿಗೆ ಮಾತ್ರ ಕೆಲಸ ಸಿಗುತ್ತದೆ ಎಂಬುದರ ಮೇಲೆ. ಗೇಟಿನ ಮುಂದೆ ನಿಂತವನಿಗೆ, ಒಳಗಿನವರ ಪರಿಚಯ ಇದ್ದವನಿಗೆ ನೇಮಕಾತಿ ಎಂದಾದರೆ ಕಾಯುವುದಕ್ಕೂ ಬೆಲೆ ಬರುತ್ತದೆ. ಹಳ್ಳಿಯಲ್ಲೇ ಅರ್ಜಿ, ಅಲ್ಲೇ ಪರೀಕ್ಷೆ, ಆಯ್ಕೆಯಾದ ಮೇಲಷ್ಟೇ ಪ್ರಯಾಣ ಎಂದಾದರೆ, 300 ಬಿಟ್ಟು 150ಕ್ಕೆ ಬಂದು ಕಾಯುವ ಅಗತ್ಯ ಯಾರಿಗಿದೆ?

ಈ ಲೆಕ್ಕಕ್ಕೆ ಮಿತಿಗಳಿವೆ. ಜನ ಹೊರಟ ಹಾಗೆ ಹಳ್ಳಿಯ ಕೂಲಿ ತಾನೇ ಏರಿದರೆ ವಲಸೆ ನಾವು ತೋರಿಸಿದ್ದಕ್ಕಿಂತ ಬೇಗ ನಿಲ್ಲುತ್ತದೆ. ನಗರದ ಬಾಡಿಗೆ, ಓಡಾಟದ ಖರ್ಚನ್ನು 600 ಮತ್ತು 150 ಎರಡರಿಂದಲೂ ಕಳೆದೇ ಹೋಲಿಸಬೇಕು. ಹಾಗಾಗಿ ಹೊಸ ನೇಮಕಾತಿಗೆ ಸಹಿ ಹಾಕುವ ಮುನ್ನ, ನಗರದ ಎರಡೂ ಗಳಿಕೆ, ಹಳ್ಳಿಯ ಕೂಲಿ ಮತ್ತು ಖಾಯಂ ಕೆಲಸಗಳ ಸಂಖ್ಯೆಯನ್ನು ಇಲಾಖೆಯಿಂದ ತರಿಸಿಕೊಂಡು, ಎಷ್ಟು ಜನ ಬರಬಹುದು ಎಂಬ ಅಂದಾಜನ್ನು ಅದೇ ಕಡತಕ್ಕೆ ಸೇರಿಸಿ ಎಂದು ಕೋರುತ್ತೇವೆ.

ಇಂತಿ,
ಕಾರ್ಮಿಕ ಅರ್ಥಶಾಸ್ತ್ರದ ಅಧ್ಯಯನದಲ್ಲಿ ತೊಡಗಿರುವವರು