ನವೀಕರಣದ ಸಾಲು ತುಂಬುವಾಗ ಗಮನಿಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಕರಾರುಗಳ ಬಾಧ್ಯತೆಗಳ ಪಟ್ಟಿಯಲ್ಲಿ ಕರಾರು ಮುಗಿಯುವ ದಿನಾಂಕವನ್ನಷ್ಟೇ ಬರೆದರೆ ಸಾಲದು; ನೋಟಿಸ್ ಕಳುಹಿಸಲು ಕೊನೆಯ ದಿನ ಯಾವುದು ಎಂಬುದಕ್ಕೆ ಪ್ರತ್ಯೇಕ ಕಾಲಂ ಬೇಕೇ ಬೇಕು.

ಉದಾಹರಣೆಗೆ, ಕರಾರು 31 ಮಾರ್ಚ್ 2027ಕ್ಕೆ ಮುಗಿಯುತ್ತದೆ, ಕನಿಷ್ಠ 90 ದಿನ ಮೊದಲು ನೋಟಿಸ್ ತಲುಪದಿದ್ದರೆ ತಾನಾಗಿ ಮುಂದುವರಿಯುತ್ತದೆ ಎಂದಿರಲಿ. ಹಿಂದಕ್ಕೆ ಎಣಿಸಿದರೆ 31 ಡಿಸೆಂಬರ್ 2026. ಆದರೆ ನೋಟಿಸ್ ಕಲಮಿನಲ್ಲಿ (ಹೆಚ್ಚಾಗಿ ಕೊನೆಯ ಪುಟಗಳಲ್ಲಿ ಅಡಗಿರುತ್ತದೆ) ‘ಅಂಚೆಗೆ ಹಾಕಿದ 5 ದಿನಗಳ ನಂತರ ತಲುಪಿದಂತೆ’ ಎಂದಿದ್ದರೆ ಪತ್ರ ಡಿಸೆಂಬರ್ 26ರೊಳಗೆ ಹೊರಡಬೇಕು. ಪಟ್ಟಿಗೆ ಹೋಗಬೇಕಾದದ್ದು ಈ ದಿನಾಂಕ, ಪಕ್ಕದಲ್ಲಿ ನವೀಕರಣ ಮತ್ತು ನೋಟಿಸ್ ಎರಡೂ ಕಲಮುಗಳ ಸಂಖ್ಯೆ. ಇಮೇಲ್ ನೋಟಿಸ್ ನಡೆಯುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿ.

ಇದೇ ಪಟ್ಟಿಯಲ್ಲಿ, ಒಪ್ಪಿಕೊಂಡ ಸೇವಾ ಮಟ್ಟದ ಸಾಲನ್ನು ದಂಡಕ್ಕಷ್ಟೇ ಅಲ್ಲ, ಕರಾರಿನ ರದ್ದತಿ ಹಕ್ಕಿಗೂ ಜೋಡಿಸಿ. ಸತತ 3 ತಿಂಗಳ ಕೊರತೆಗೆ ಆ ಹಕ್ಕು ಹುಟ್ಟುವುದಾದರೆ, ಎಚ್ಚರಿಕೆಯನ್ನು 2ನೇ ತಿಂಗಳ ವರದಿಗೇ ಇಡಿ.