ಅಚ್ಚಳಿಯದ ನೆನಪೂ ತಪ್ಪಿರಬಹುದು

ಮಾನ್ಯ ಸಂಪಾದಕರೇ,

ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿ ತಮಗೆ ಮುಟ್ಟಿದ ಗಳಿಗೆಯನ್ನು ಕುರಿತು ಓದುಗರು ಬರೆದ ನೆನಪುಗಳನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ನಿನ್ನೆ ಮೊನ್ನೆ ನಡೆದಂತಿದೆ ಎಂದು ಹಲವರು ಬರೆದಿದ್ದಾರೆ. ನನ್ನ ನೆನಪೂ ಅಂಥದ್ದೇ. 1984ರ ಅಕ್ಟೋಬರ್ 31ರ ಮಧ್ಯಾಹ್ನ ಬಾಗಲಕೋಟೆಯ ನಮ್ಮ ಪಡಸಾಲೆಯಲ್ಲಿ ಅಪ್ಪ ರೇಡಿಯೊಕ್ಕೆ ಕಿವಿಗೊಟ್ಟು ಕುಳಿತಿದ್ದರು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬಾಗಿಲಿಗೆ ಆತು ನಿಂತಿದ್ದಳು.

ಕಳೆದ ವರ್ಷ ಅಪ್ಪನ ಬಟ್ಟೆ ಅಂಗಡಿಯ ಹಳೆಯ ಕಿರ್ದಿ ಪುಸ್ತಕ ಸಿಕ್ಕಿತು. ಆ ಬುಧವಾರದ ಪುಟದಲ್ಲಿ ಖಣ ತರಲು ಗುಳೇದಗುಡ್ಡಕ್ಕೆ ಹೋದ ಬಸ್ಸಿನ ಖರ್ಚು, ಅಲ್ಲಿಯೇ ರಾತ್ರಿ ಉಂಡ ಊಟದ ಲೆಕ್ಕ ಇದೆ. ಗುರುವಾರದ ಪುಟದಲ್ಲಿ ‘ಅಂಗಡಿ ಬಂದ್’ ಎಂದಷ್ಟೇ ಇದೆ. ಅಂದರೆ ಬುಧವಾರ ಅಪ್ಪ ಮನೆಯಲ್ಲಿ ಇರಲೇ ಇಲ್ಲ. ಮೇಲಾಗಿ, ಆಕಾಶವಾಣಿ ಸಾವನ್ನು ಅಧಿಕೃತವಾಗಿ ತಿಳಿಸಿದ್ದೇ ಅಂದು ಸಂಜೆ. ಬಹುಶಃ ಗುರುವಾರ ಅಪ್ಪನೊಡನೆ ಕುಳಿತು ಕೇಳಿದ ಸುದ್ದಿಯೇ, ಮೊದಲು ಕೇಳಿದ ಗಳಿಗೆಯಾಗಿ ನನ್ನಲ್ಲಿ ಬೇರೂರಿತು.

ಇಂಥವನ್ನು ಮನಶ್ಶಾಸ್ತ್ರಜ್ಞರು ‘ಫ್ಲ್ಯಾಶ್‌ಬಲ್ಬ್ ನೆನಪು’ ಎನ್ನುತ್ತಾರೆ. ಕ್ಯಾಮೆರಾದ ಬೆಳಕು ಮಿಂಚಿದಂತೆ ಆ ಕ್ಷಣವೇ ಮಿದುಳಿನಲ್ಲಿ ಅಚ್ಚಾಗುತ್ತದೆ ಎಂಬ ಭಾವನೆಯಿಂದ 1977ರಲ್ಲಿ ಬ್ರೌನ್ ಮತ್ತು ಕುಲಿಕ್ ಇಟ್ಟ ಹೆಸರಿದು. ಆದರೆ ಜನರ ಮಾತನ್ನು ಹೋಲಿಸಿ ನೋಡಲು ಘಟನೆ ನಡೆದ ದಿನದ ಬರಹ ಅವರ ಬಳಿ ಇರಲಿಲ್ಲ. ಅಂಥ ಬರಹವನ್ನು ಮೊದಲೇ ಸಂಗ್ರಹಿಸಿಟ್ಟವರು ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಬೆಳಿಗ್ಗೆಯೇ, ಸುದ್ದಿಯನ್ನು ಎಲ್ಲಿ, ಯಾರಿಂದ, ಏನು ಮಾಡುತ್ತಿದ್ದಾಗ ಕೇಳಿದಿರಿ ಎಂದು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಗೆ ಅವೇ ಪ್ರಶ್ನೆಗಳನ್ನು ಕೇಳಿದಾಗ, 11 ಮಂದಿಯ ಉತ್ತರ ಯಾವ ಅಂಶದಲ್ಲೂ ಹಳೆಯದಕ್ಕೆ ಹೊಂದಲಿಲ್ಲ. ಪೂರ್ತಿ ಹೊಂದಿದ್ದು ಮೂವರದು ಮಾತ್ರ. ತರಗತಿಯಲ್ಲಿದ್ದಾಗ ಒಳಬಂದವರಿಂದ ಕೇಳಿದೆನೆಂದು ಬರೆದಿದ್ದ ಒಬ್ಬ ವಿದ್ಯಾರ್ಥಿನಿ, ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯೊಡನೆ ಟಿ.ವಿ.ಯಲ್ಲಿ ನೋಡಿದೆನೆಂದು ಈಗ ಖಚಿತವಾಗಿ ಹೇಳಿದಳು. ತಪ್ಪಿದವರ ನಂಬಿಕೆ ಸರಿ ಹೇಳಿದವರದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ದೊಡ್ಡ ಘಟನೆಯ ಸುದ್ದಿಯನ್ನು ನಾವು ಒಮ್ಮೆಯಲ್ಲ, ಹಲವು ಸಲ ಕೇಳುತ್ತೇವೆ, ನೋಡುತ್ತೇವೆ, ಹೇಳುತ್ತೇವೆ. ಈ ಸಲಗಳಲ್ಲಿ ಯಾವುದು ಮೊದಲನೆಯದು ಎಂಬ ಗುರುತು ಬೇಗ ಅಳಿಸಿಹೋಗುತ್ತದೆ. ದುಃಖ, ಗಾಬರಿಗಳ ಬಿಸಿ ಮಾತ್ರ ಉಳಿದು ಚಿತ್ರಕ್ಕೆ ಕಳೆ ಕೊಡುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನೆನಪುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರು ಕಂಡಂತೆ, ಮರೆವಿನ ಹೆಚ್ಚಿನ ಪಾಲು ಮೊದಲ ವರ್ಷದಲ್ಲೇ ಆಗುತ್ತದೆ; ಆಮೇಲೆ ತಪ್ಪಾದ ಕಥೆಯೇ ಗಟ್ಟಿಯಾಗಿ ಅದನ್ನೇ ಮತ್ತೆ ಮತ್ತೆ ಹೇಳುತ್ತೇವೆ. ಹೇಳಿಕೆ ಬದಲಾಗಿಲ್ಲ ಎಂಬುದೂ ಅದು ನಿಜವೆಂಬುದಕ್ಕೆ ಆಧಾರವಾಗದು. ಹಾಗೆಂದು ಬರೆದವರು ಸುಳ್ಳಾಡಿದರೆಂದು ನಾನು ಹೇಳುತ್ತಿಲ್ಲ.

ಇಂಥ ನೆನಪುಗಳನ್ನು ಪ್ರಕಟಿಸುವಾಗ, ಆ ದಿನಗಳ ಡೈರಿ, ಪತ್ರ, ಲೆಕ್ಕದ ಪುಸ್ತಕಗಳೊಡನೆ ಹೋಲಿಸಿ ನೋಡಿದ್ದಾರೆಯೇ ಎಂದು ಓದುಗರನ್ನು ಕೇಳಿ, ಅದನ್ನೂ ಜೊತೆಗೆ ಅಚ್ಚು ಹಾಕಬೇಕೆಂದು ಕೋರುತ್ತೇನೆ. ಕಿರ್ದಿಯ ಆ ಎರಡು ಪುಟಗಳ ಝೆರಾಕ್ಸ್ ಪ್ರತಿ ಲಗತ್ತಿಸಿದ್ದೇನೆ. ಅವನ್ನು ಎಷ್ಟು ಸಲ ಓದಿದರೂ ಬುಧವಾರ ನಾನು ಸುದ್ದಿಯನ್ನು ಯಾರಿಂದ ಕೇಳಿದೆನೆಂಬುದು ನೆನಪಿಗೆ ಬರುತ್ತಿಲ್ಲ. ಕಣ್ಣ ಮುಂದೆ ಬರುವುದು ಅಪ್ಪ, ರೇಡಿಯೊ ಮತ್ತು ಅವ್ವನ ಹಿಟ್ಟಿನ ಕೈ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಬಾಗಲಕೋಟೆ